‘ಆ…’ ತೆಗೆಯಬಹುದು, ಉಸಿರು ತೆಗೆಯಬಾರದು

ಪ್ರಶ್ನೆ: ನಮ್ಮ ದೊಡ್ಡಪ್ಪ ಅಡಿಕೆ ಕೊಳೆರೋಗದ ಔಷಧಿ ಬಗ್ಗೆ ಊರಿನ ಸಭಾಭವನದಲ್ಲಿ ಮಾತಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೇನೆ. 52 ನಿಮಿಷ ಇದೆ, ವಾಟ್ಸಾಪ್ ಗುಂಪಿಗೆ ಹಾಕಬೇಕು. ‘ಆ…’, ‘ಏನಂದ್ರೆ’, ‘ಮತ್ತೆ’ ಬಹಳ. ನಡುನಡುವೆ ಉದ್ದುದ್ದ ಮೌನ. ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಮೌನ ಕತ್ತರಿಸುವ Truncate Silence ಹಾಕಿದೆ, Threshold −25, Truncate to 0.3. ಆಮೇಲೆ ಆನ್‌ಲೈನ್ ತಂತ್ರಾಂಶವೊಂದಕ್ಕೆ ಕೊಟ್ಟು ಬೇಡದ ಪದಗಳನ್ನು ತೆಗೆಸಿದೆ. 36 ನಿಮಿಷಕ್ಕೆ ಬಂತು. ಆದರೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮಾತಾಡ್ತಾರೆ, ಪದದ ಕೊನೆ ನುಂಗಿದ ಹಾಗಿದೆ, ಹಿಂದೆ ಮಳೆ ಸದ್ದು ಕುಣಿಯುತ್ತದೆ. ಆಯಿ ಕೇಳಿ ‘ಇದು ಅವರ ದನಿಯೇ ಅಲ್ಲ’ ಅಂದಳು. ಎಲ್ಲವನ್ನೂ ಕೈಯಲ್ಲೇ ಕತ್ತರಿಸುವುದು ಬಿಟ್ಟು ಬೇರೆ ದಾರಿ ಇಲ್ಲವೇ?
— ಓದುಗರು, ಶಿರಸಿ ತಾಲೂಕು

ಉತ್ತರ: ಇದೆ. ಮೌನ ಎಲ್ಲೆಲ್ಲಿದೆ ಎಂದು ಹುಡುಕುವ ಬೇಸರದ ಕೆಲಸವನ್ನು ಯಂತ್ರಕ್ಕೇ ಬಿಡಿ. ಆದರೆ ಸಿಕ್ಕ ಮೌನದಲ್ಲಿ ಎಷ್ಟು ತೆಗೆಯಬೇಕು, ಯಾವ ತುದಿಯಿಂದ ತೆಗೆಯಬೇಕು ಅನ್ನುವುದನ್ನು ನೀವೇ ಹೇಳಿಕೊಡಬೇಕು. ‘ಏನಂದ್ರೆ’, ‘ಮತ್ತೆ’ ಇಂಥವನ್ನಂತೂ ಅದರ ಕೈಗೆ ಕೊಡಲೇಬೇಡಿ. ನೀವು ಕಳಿಸಿದ ನಾಲ್ಕು ನಿಮಿಷದ ತುಣುಕನ್ನು, ಮೂಲ ಮತ್ತು ಕತ್ತರಿಸಿದ್ದು ಎರಡನ್ನೂ, ಪಕ್ಕಪಕ್ಕ ಇಟ್ಟು ಕೇಳಿದೆ. ಮೂಲ ರೆಕಾರ್ಡಿಂಗ್ ಚೆನ್ನಾಗಿಯೇ ಇದೆ. ಮಾತು ಕೆಟ್ಟದ್ದು ಕತ್ತರಿಸುವಾಗ.

ಕಾರವಾರದಲ್ಲಿ ನನ್ನ ಬಳಿ ಧ್ವನಿಯ ಕೆಲಸ ತರುವವರಲ್ಲಿ ಹೆಚ್ಚಿನವರು ಎರಡು ಪದಗಳ ನಡುವಿನ ಜಾಗ ಖಾಲಿ ಎಂದೇ ತಿಳಿದಿರುತ್ತಾರೆ. ಖಾಲಿ ಜಾಗ ತಾನೆ, ಎಷ್ಟು ತೆಗೆದರೇನು ಎಂಬ ಲೆಕ್ಕ. ತರಂಗದ ಚಿತ್ರವನ್ನು ಹಿಗ್ಗಿಸಿ ನೋಡಿ. ಆ ಜಾಗದ ಮೊದಲಿಗೆ ಹಿಂದಿನ ಪದದ ಬಾಲ ಇರುತ್ತದೆ. ಸಭಾಭವನದ ಗೋಡೆಗೆ ಬಡಿದು ಬರುವ ಮಾರ್ದನಿಯೂ ಅದಕ್ಕೆ ಸೇರಿ ಕಾಲು ಸೆಕೆಂಡಿನಷ್ಟು ಹೊತ್ತು ಇಳಿಯುತ್ತಾ ಹೋಗುತ್ತದೆ. ನಡುವೆ ಆ ಜಾಗದ ಸದ್ದು: ಫ್ಯಾನು, ಮಳೆ, ಜನರ ಮಿಸುಕಾಟ. ಕೊನೆಯಲ್ಲಿ, ಮುಂದಿನ ಪದಕ್ಕೆ ತಾಗಿಕೊಂಡೇ, ಮಾತುಗಾರ ಎಳೆದುಕೊಂಡ ಉಸಿರು. ನಿಮ್ಮ ದೊಡ್ಡಪ್ಪನವರ ಉಸಿರು 0.3ರಿಂದ 0.5 ಸೆಕೆಂಡು ಉದ್ದ ಇದೆ. ಎಪ್ಪತ್ತು ದಾಟಿದವರಲ್ಲಿ ಇದು ಸಹಜ.

ಈಗ ನಿಮ್ಮ 0.3 ಏನು ಮಾಡಿತು ನೋಡಿ. Truncate Silence ಉದ್ದದ ಮೌನ ಸಿಕ್ಕರೆ ಅದರ ನಟ್ಟನಡುವಿನಿಂದ ಕತ್ತರಿಸುತ್ತದೆ, ಎರಡು ತುದಿಯಲ್ಲೂ ಸಮಪಾಲು ಉಳಿಸುತ್ತದೆ. ಒಟ್ಟು 0.3 ಉಳಿಸು ಅಂದರೆ ಹಿಂದಿನ ಪದದ ಪಕ್ಕ 0.15, ಮುಂದಿನ ಪದದ ಪಕ್ಕ 0.15. ಅರ್ಧ ಸೆಕೆಂಡಿನ ಉಸಿರಿನಲ್ಲಿ ಮುಕ್ಕಾಲು ಪಾಲು ಹೋಗಿ ಕೊನೆಯ ಒಂದು ಗುಟುಕು ಮಾತ್ರ ಉಳಿಯಿತು. ಕೇಳುವವರ ಕಿವಿಗೆ ಅದು ಬೆಚ್ಚಿಬಿದ್ದವರು ಎಳೆದುಕೊಳ್ಳುವ ಉಸಿರಿನ ಹಾಗೆ ಕೇಳುತ್ತದೆ. ಅಟ್ಟಿಸಿಕೊಂಡು ಬಂದ ಹಾಗೆ ಎಂದು ನಿಮಗೆ ಅನ್ನಿಸಿದ್ದು ಬಹುಪಾಲು ಇದರಿಂದಲೇ. ಮಾತಿನ ವೇಗ ಒಂದಿನಿತೂ ಬದಲಾಗಿಲ್ಲ, ಅಳೆದು ನೋಡಿದೆ.

ಪದದ ಕೊನೆ ನುಂಗಿದ್ದಕ್ಕೆ ಕಾರಣ −25. ಡೆಸಿಬೆಲ್ ಲೆಕ್ಕದಲ್ಲಿ ಸೊನ್ನೆ ಅಂದರೆ ರೆಕಾರ್ಡಿಂಗ್ ತಡೆದುಕೊಳ್ಳುವ ಗರಿಷ್ಠ ಸದ್ದು. ಕೆಳಕ್ಕೆ ಹೋದಷ್ಟೂ ಮೈನಸ್ ದೊಡ್ಡದಾಗುತ್ತದೆ. ನಿಮ್ಮ ತುಣುಕಿನಲ್ಲಿ ದೊಡ್ಡಪ್ಪನವರ ಗಟ್ಟಿ ದನಿ −10ರ ಆಸುಪಾಸು, ಪದಗಳ ಕೊನೆಯ ಸ್ವರ ಇಳಿಯುತ್ತಾ −34ರವರೆಗೆ ಹೋಗುತ್ತದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ಆ ಕೊನೆಯ ಸ್ವರವನ್ನು ನಾವು ಮೆತ್ತಗೆ ಬಿಡುತ್ತೇವೆ. −25ಕ್ಕಿಂತ ಕೆಳಗಿರುವುದೆಲ್ಲ ಮೌನ ಎಂದು ನೀವು ಹೇಳಿದ ಮೇಲೆ ‘ಹೊಡೆದು’, ‘ಕಲಸಿ’ ಇವುಗಳ ಕೊನೆಯ ಉಕಾರ, ಇಕಾರಗಳೂ ಮೌನದ ಲೆಕ್ಕಕ್ಕೇ ಸೇರಿದವು. ಪದದ ಆರಂಭದ ‘ಹ’ಕಾರಕ್ಕೂ ಇದೇ ಗತಿ, ಅದರಲ್ಲಿ ಇರುವುದೇ ಬರೀ ಗಾಳಿ.

ಹೇಳುವಾಗಲೇ ಇನ್ನೊಂದು. ಕೆಲವರು ಇನ್ನೂ ಬಿಗಿ ಮಾಡುವ ಆಸೆಗೆ Duration ಮತ್ತು Truncate to ಎರಡನ್ನೂ 0.1ಕ್ಕೆ ಇಳಿಸುತ್ತಾರೆ. ‘ಮೈಲುತುತ್ತ’ ಅನ್ನುವಾಗ ‘ತ್ತ’ದಲ್ಲಿ ನಾಲಗೆ ಹಲ್ಲಿಗೆ ಒತ್ತಿ ನಿಂತಿರುವಷ್ಟು ಹೊತ್ತು ನಿಜಕ್ಕೂ ಸದ್ದಿರುವುದಿಲ್ಲ, ಅದು 0.1 ಸೆಕೆಂಡು ದಾಟುವುದು ಸಾಮಾನ್ಯ. ಯಂತ್ರ ಅದನ್ನೂ ಕತ್ತರಿಸಿ ಒತ್ತಕ್ಷರವನ್ನು ಸಾದಾ ಅಕ್ಷರ ಮಾಡಿಬಿಡುತ್ತದೆ. ಇಂಗ್ಲಿಷ್ ಭಾಷಣಕ್ಕೆ ಯಾರೋ ಹೇಳಿಕೊಟ್ಟ ಅಂಕಿಗಳನ್ನು ಹಾಗೇ ಎತ್ತಿಕೊಂಡರೆ ಕನ್ನಡಕ್ಕೆ ಹೊಂದದಿರಲು ಇದೂ ಒಂದು ಕಾರಣ.

ಮೂರನೆಯ ತೊಂದರೆ ಸೂಕ್ಷ್ಮವಾದದ್ದು. ಎಲ್ಲ ಮೌನಗಳೂ 0.3ಕ್ಕೆ ಬಂದು ನಿಂತವು. ಬರಹದಲ್ಲಿ ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲ ತೆಗೆದು ಎಲ್ಲೆಡೆ ಒಂದೇ ಚುಕ್ಕಿ ಇಟ್ಟ ಹಾಗೆ. ದೊಡ್ಡಪ್ಪನವರು ‘ಒಂದು ಕಿಲೋ ಮೈಲುತುತ್ತ’ ಎಂದ ಮೇಲೆ ನಿಂತದ್ದಕ್ಕೂ, ‘ಈಗ ಸಿಂಪರಣೆಯ ವಿಷಯ’ ಎಂದು ಹೊಸ ಮಾತಿಗೆ ಹೊರಳುವ ಮುಂಚೆ ನಿಂತದ್ದಕ್ಕೂ ವ್ಯತ್ಯಾಸ ಇತ್ತು. ಮೊದಲನೆಯದು ಬರೆದುಕೊಳ್ಳುವವರಿಗಾಗಿ ಕೊಟ್ಟ ಸಮಯ, ಎರಡನೆಯದು ವಿಷಯ ಮುಗಿದ ಸೂಚನೆ. ತಾಳಮದ್ದಳೆ ಕೇಳಿ ಬೆಳೆದ ಊರಿನವರು ಮಾತಿನ ನಡುವೆ ಸುಮ್ಮನೆ ನಿಲ್ಲುವುದಿಲ್ಲ, ಗೊತ್ತಿದ್ದೇ ನಿಲ್ಲುತ್ತಾರೆ. ಉದ್ದ ಮೌನ ಉದ್ದವಾಗಿಯೇ ಕೇಳಬೇಕು, ಗಿಡ್ಡದ್ದು ಗಿಡ್ಡವಾಗಿ. ಎರಡನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಒಂದೇ ಅಳತೆಗೆ ತಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಸುಲಭದ ದಾರಿ ಮೊದಲು ಹೇಳುತ್ತೇನೆ. ನಿಮ್ಮ ರೆಕಾರ್ಡಿಂಗಿನಲ್ಲಿ ಮಳೆ ಇಲ್ಲದ ಮೊದಲರ್ಧಕ್ಕೆ ಇದೇ ಸಾಕು. Truncate Silence ಕಿಟಕಿಯಲ್ಲಿ Truncate Detected Silence ಬದಲು Compress Excess Silence ಆರಿಸಿ. Threshold −40, Duration 0.8, Compress to 40 ಎಂದು ಕೊಡಿ. ಆಗ 0.8 ಸೆಕೆಂಡಿಗಿಂತ ಗಿಡ್ಡ ಮೌನಗಳನ್ನು ಅದು ಮುಟ್ಟುವುದೇ ಇಲ್ಲ. ಅದಕ್ಕಿಂತ ಉದ್ದವಿದ್ದರೆ ಹೆಚ್ಚಿಗೆ ಇರುವ ಪಾಲನ್ನು ಮಾತ್ರ ನೂರಕ್ಕೆ ನಲವತ್ತಕ್ಕೆ ಇಳಿಸುತ್ತದೆ. ಎರಡು ಸೆಕೆಂಡಿನ ಮೌನ ಸುಮಾರು 1.3 ಆಗುತ್ತದೆ, ನಾಲ್ಕು ಸೆಕೆಂಡಿನದು ಸುಮಾರು 2.1. ಕತ್ತರಿ ಈಗಲೂ ನಡುವಿಗೇ ಬೀಳುತ್ತದೆ, ಆದರೆ ಎರಡೂ ಬದಿಗೆ ಕನಿಷ್ಠ 0.4 ಉಳಿಯುವುದರಿಂದ ಬಾಲವೂ ಉಸಿರೂ ಬಹುಪಾಲು ಬಚಾವ್. −40 ಎಂಬುದು ನಿಮ್ಮ ರೆಕಾರ್ಡಿಂಗಿನ ಅಂಕಿ. ಇನ್ನೊಬ್ಬರಿಗೆ ಬೇರೆ ಬರಬಹುದು. ಮಾತಿಲ್ಲದ ಕಡೆ ಮೀಟರ್ ಎಷ್ಟು ತೋರಿಸುತ್ತದೆ, ಪದದ ಬಾಲ ಎಷ್ಟಕ್ಕೆ ಇಳಿಯುತ್ತದೆ ನೋಡಿ, ಆ ಎರಡರ ನಡುವೆ ಇಡಬೇಕು. ನಿಮ್ಮಲ್ಲಿ ಮಳೆಯಿಲ್ಲದಾಗ ಸಭಾಭವನದ ಸದ್ದು −52, ಬಾಲ −34.

ತಾಪತ್ರಯ ಇರುವುದು ಮಳೆ ಬಂದ ಮೇಲೆ. ತಗಡಿನ ಮಾಡಿನ ಮೇಲೆ ಬಿದ್ದ ಸದ್ದು ನಿಮ್ಮ ಮೊಬೈಲಿನಲ್ಲಿ −36 ಆಗಿದೆ. ಪದದ ಬಾಲ −34, ಮಳೆ −36. ಯಾವ ಅಂಕಿ ಇಟ್ಟರೂ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಕೆಳಗಿಟ್ಟರೆ ಮೌನವೇ ಸಿಗುವುದಿಲ್ಲ, ಮೇಲಿಟ್ಟರೆ ಪದ ತುಂಡಾಗುತ್ತದೆ. ನೀವು −25ಕ್ಕೆ ಹೋದದ್ದೂ ಇದಕ್ಕೇ ಇರಬೇಕು. ಇಂಥ ಕಡೆ ಹಲವರು ಮೊದಲು ಮಳೆಯನ್ನು ನಾಯ್ಸ್ ರಿಡಕ್ಷನ್‌ನಿಂದ ಪೂರ್ತಿ ಒರೆಸಿ ಆಮೇಲೆ ಕತ್ತರಿಸುತ್ತಾರೆ. ಮಳೆ ಹೋಗುತ್ತದೆ, ಜೊತೆಗೆ ದನಿಯ ಜೀವವೂ ಹೋಗಿ ನೀರೊಳಗಿಂದ ಮಾತಾಡಿದ ಹಾಗಾಗುತ್ತದೆ.

ನಾವು ಮಾಡುವ ಉಪಾಯ ಬೇರೆ: ಮೌನ ಹುಡುಕಲು ಮಳೆ ಒರೆಸಿದ ಪ್ರತಿ, ಕತ್ತರಿಸಲು ಮಳೆ ಇರುವ ಮೂಲ ಪ್ರತಿ. ಒರೆಸಿದ ಪ್ರತಿಯ ದನಿ ಎಷ್ಟು ಕೆಟ್ಟರೂ ಚಿಂತೆಯಿಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಎಫ್ಎಫ್ಎಂಪೆಗ್ ಎಂಬ ಉಚಿತ ಸಾಧನ ಇದ್ದರೆ ಆ ಪ್ರತಿಯನ್ನು ಉಳಿಸಿಕೊಳ್ಳುವುದೂ ಬೇಡ. ರೆಕಾರ್ಡಿಂಗನ್ನು `matu.wav` ಎಂದು ಉಳಿಸಿಕೊಂಡರೆ ಕೆಳಗಿನ ಒಂದೇ ಸಾಲು ಹಿನ್ನೆಲೆ ಒರೆಸಿ, ಮೌನಗಳನ್ನು ಪಟ್ಟಿ ಮಾಡಿ, ಒರೆಸಿದ್ದನ್ನು ಎಸೆದುಬಿಡುತ್ತದೆ:

```
ffmpeg -i matu.wav -af "highpass=f=100,afftdn=nr=20:nf=-35,silencedetect=noise=-42dB:d=0.8" -f null - 2> viraama.txt
```

ಇದರಲ್ಲಿ `highpass` ಫ್ಯಾನಿನ ತಗ್ಗಿನ ಗುಂಯ್‌ಗುಡುವಿಕೆ ತೆಗೆಯುತ್ತದೆ, `afftdn` ಮಳೆಯನ್ನು 20 ಡೆಸಿಬೆಲ್ಲಿನವರೆಗೆ ತಗ್ಗಿಸುತ್ತದೆ, `silencedetect` ಉಳಿದದ್ದರಲ್ಲಿ 0.8 ಸೆಕೆಂಡಿಗಿಂತ ಉದ್ದದ ಮೌನಗಳ ಕೊನೆ ಮತ್ತು ಉದ್ದವನ್ನು ಬರೆದಿಡುತ್ತದೆ. `nf=-35` ನಿಮ್ಮ ಮಳೆಯ ಮಟ್ಟಕ್ಕೆ ಹತ್ತಿರದ ಅಂಕಿ. ಯಾರೋ ಕುರ್ಚಿ ಎಳೆದದ್ದು, ಕೆಮ್ಮಿದ್ದು ಬಂದಲ್ಲಿ ಅದು ಮೌನವನ್ನು ಗುರುತಿಸದೆ ಬಿಟ್ಟುಬಿಡುತ್ತದೆ. ಬಿಡಲಿ, ಅದರಿಂದ ನಷ್ಟವಿಲ್ಲ.

ಇನ್ನು ಪಟ್ಟಿಯನ್ನು ಅಡಾಸಿಟಿಗೆ ಅರ್ಥವಾಗುವ ಗುರುತುಗಳಾಗಿ ಮಾಡಬೇಕು. ಎಷ್ಟು ಉಳಿಸಬೇಕು, ಎಲ್ಲಿ ಉಳಿಸಬೇಕು ಎಂದು ನಾವು ಹೇಳಿಕೊಡುವುದು ಇಲ್ಲೇ:

```python
import re
for line in open("viraama.txt"):
    m = re.search(r"silence_end: ([\d.]+) \| silence_duration: ([\d.]+)", line)
    if m:
        end, dur = float(m[1]), float(m[2])
        keep = 0.6 + (dur - 0.8) * 0.3
        print(end - dur + keep*0.35, end - keep*0.65, "v", sep="\t")
```

`gurutu.py` ಎಂದು ಉಳಿಸಿ, `python3 gurutu.py > gurutu.txt` ಎಂದು ಓಡಿಸಿ. ಇದು ಪ್ರತಿ ಮೌನದಲ್ಲೂ ಕನಿಷ್ಠ 0.6 ಸೆಕೆಂಡು ಉಳಿಸುತ್ತದೆ, ಮೌನ ಉದ್ದವಾದಷ್ಟೂ ಸ್ವಲ್ಪ ಸ್ವಲ್ಪ ಹೆಚ್ಚು ಉಳಿಸುತ್ತದೆ. ಮುಖ್ಯವಾದದ್ದು ಕೊನೆಯ ಸಾಲಿನ ಹಂಚಿಕೆ: ಉಳಿಸಿದ್ದರಲ್ಲಿ ಮೂರನೇ ಒಂದು ಪಾಲಷ್ಟೇ ಹಿಂದಿನ ಪದದ ಬಾಲಕ್ಕೆ, ಉಳಿದದ್ದೆಲ್ಲ ಮುಂದಿನ ಪದದ ಉಸಿರಿಗೆ. ಮಳೆ ಒರೆಸುವಾಗ ಉಸಿರೂ ಸಣ್ಣದಾಗಿ ಮೌನದ ಲೆಕ್ಕಕ್ಕೆ ಹೋಗಿರುತ್ತದೆ. ಆದ್ದರಿಂದಲೇ ಆ ಬದಿಗೆ ಕೈ ಸಡಿಲ ಬಿಡಬೇಕು.

ಅಡಾಸಿಟಿಯ ಮೂರನೇ ಆವೃತ್ತಿಯಲ್ಲಿ ಮಳೆ ಒರೆಸದ ಅದೇ `matu.wav` ತೆರೆದು File ಪಟ್ಟಿಯ Import ಒಳಗಿನ Labels ಮೂಲಕ `gurutu.txt` ತನ್ನಿ. ತೆಗೆಯಬೇಕಾದ ಜಾಗಗಳೆಲ್ಲ ಕೆಳಗೆ ಪಟ್ಟಿಗಳಾಗಿ ಕಾಣುತ್ತವೆ. ಈಗಲೇ ಅಳಿಸಬೇಡಿ. ಅತಿ ಉದ್ದದ ಹತ್ತಿಪ್ಪತ್ತು ಗುರುತುಗಳನ್ನು ಒಮ್ಮೆ ಕೇಳಿ. ದೊಡ್ಡಪ್ಪನವರು ಮೆಲ್ಲಗೆ ಹೇಳಿದ ಮಾತೇನಾದರೂ ಅದರೊಳಗೆ ಸಿಕ್ಕಿಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ; ಆ ಗುರುತನ್ನು ಅಳಿಸಿ ಅಥವಾ ಅದರ ಅಂಚನ್ನು ಎಳೆದು ಚಿಕ್ಕದು ಮಾಡಿ. ಸಮಾಧಾನವಾದ ಮೇಲೆ ಎಲ್ಲವನ್ನೂ ಆಯ್ಕೆ ಮಾಡಿ Edit ಪಟ್ಟಿಯ Labeled Audio ಒಳಗೆ Delete ಒತ್ತಿದರೆ ಒಂದೇ ಏಟಿಗೆ ಎಲ್ಲ ಹೋಗಿ ತುದಿಗಳು ಕೂಡಿಕೊಳ್ಳುತ್ತವೆ. ಮಳೆ ಒಂದೇ ಸಮನೆ ಸುರಿಯುತ್ತಿದ್ದರೆ ಕೂಡಿದ ಜಾಗ ಕಿವಿಗೆ ಸಿಗುವುದಿಲ್ಲ, ಯಾಕೆಂದರೆ ಮಳೆಯ ಸದ್ದಿಗೆ ತನ್ನದೇ ಆದ ಲಯವಿಲ್ಲ.

ಲಯವಿರುವ ಹಿನ್ನೆಲೆ ಬಂದರೆ ಇದಾವುದೂ ನಡೆಯುವುದಿಲ್ಲ. ನಮ್ಮ ಕಾರವಾರದ ಕಡಲ ದಂಡೆಯಲ್ಲಿ ನಿಂತು ಮಾತಾಡಿದ್ದನ್ನು ಹೀಗೆ ಕತ್ತರಿಸಿ ನೋಡಿ: ಅಲೆ ಮೇಲೇಳುತ್ತದೆ, ಒಡೆಯುವ ಮುಂಚೆಯೇ ಹಿಂದೆ ಸರಿಯುವ ನೊರೆಯ ಸದ್ದು ಬರುತ್ತದೆ. ಒಂದು ಅಲೆ ಏರಿ ಇಳಿಯಲು ಹಲವು ಸೆಕೆಂಡು ಬೇಕು, ಅದರ ನಡುವಿನಿಂದ ಒಂದು ಸೆಕೆಂಡು ಕದ್ದರೆ ಸಣ್ಣ ಮಗುವಿಗೂ ತಿಳಿಯುತ್ತದೆ. ದೇವಸ್ಥಾನದ ಗಂಟೆ, ಹಿಂದೆ ನಡೆಯುವ ಭಜನೆ, ದಾಟಿಹೋಗುವ ಲಾರಿ ಇವೂ ಹಾಗೇ. ಅಂಥ ಕಡೆ ಉಸಿರೆತ್ತದೆ ಬಿಟ್ಟುಬಿಡುವುದು ಒಳ್ಳೆಯದು. ನಿಮ್ಮಲ್ಲೂ ಮಳೆ ಒಮ್ಮೆಲೆ ಜೋರಾದ ಒಂದೆರಡು ಕಡೆ ಇವೆ. ಮೌನದ ಆರಂಭದಲ್ಲಿ ಸಣ್ಣ ಮಳೆ, ಕೊನೆಯಲ್ಲಿ ಧಾರಾಕಾರ. ನಡುವಿನದು ತೆಗೆದರೆ ಮಳೆ ಹೆಜ್ಜೆ ಹಾಕಿದ ಹಾಗಾಗುತ್ತದೆ. ನೀವು ‘ಕುಣಿಯುತ್ತದೆ’ ಎಂದದ್ದು ಅದನ್ನೇ. ಆ ಗುರುತುಗಳನ್ನು ಅಳಿಸಿ, ಮೌನ ಇದ್ದಷ್ಟೇ ಇರಲಿ. ಸದ್ದು ಹೊಂದಲಿಲ್ಲ ಎಂದು ನಡುವೆ ಶುದ್ಧ ಮೌನ ತುಂಬುವುದಂತೂ ಬೇಡವೇ ಬೇಡ, ಮಳೆ ಪೂರ್ತಿ ನಿಂತು ಮತ್ತೆ ಶುರುವಾದಂತೆ ಕೇಳುತ್ತದೆ.

ಇನ್ನು ‘ಆ…’ಗಳ ಸರದಿ. ಕ್ರಮ ಇಲ್ಲಿ ಬಹಳ ಮುಖ್ಯ: ಮೊದಲು ‘ಆ…’ ತೆಗೆಯಬೇಕು, ಆಮೇಲೆ ಮೌನ ಕುಗ್ಗಿಸಬೇಕು. ಮೇಲೆ ಹೇಳಿದ್ದನ್ನೆಲ್ಲ ಈ ಕೆಲಸ ಮುಗಿಸಿ, ಫೈಲನ್ನು ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ, ಅದರ ಮೇಲೆ ಮಾಡಿ. ನೀವು ತಿರುವುಮುರುವು ಮಾಡಿದ್ದರಿಂದ ಏನಾಯಿತು ಎಂಬುದಕ್ಕೆ ನಿಮ್ಮ ತುಣುಕಿನದೇ ಒಂದು ಜಾಗ ಬಿಡಿಸಿ ತೋರಿಸುತ್ತೇನೆ.

ದೊಡ್ಡಪ್ಪನವರು ಹೇಳಿದ್ದು: ‘ಮೈಲುತುತ್ತ ಒಂದು ಕಿಲೋ’, ಆಮೇಲೆ 1.9 ಸೆಕೆಂಡು ಮೌನ, ‘ಆ…’ 0.6 ಸೆಕೆಂಡು, ಪುನಃ 0.7 ಸೆಕೆಂಡು ಬಿಡುವು, ಅದರಲ್ಲೇ ಒಂದು ಉಸಿರು, ಆಮೇಲೆ ‘ಸುಣ್ಣ ಒಂದು ಕಿಲೋ’. ಎರಡು ಮಾತಿನ ನಡುವೆ ಒಟ್ಟು 3.2 ಸೆಕೆಂಡು. ನೀವು ಮೊದಲು ಮೌನ ಕತ್ತರಿಸಿದಾಗ 1.9 ಹೋಗಿ 0.3 ಆಯಿತು, 0.7 ಹೋಗಿ 0.3 ಆಯಿತು, ‘ಆ…’ ಮಾತ್ರ ಹಾಗೇ ಉಳಿಯಿತು. ಮೊದಲು ಮೌನದ ನಡುವೆ ಅಡಗಿದ್ದ ‘ಆ…’ ಈಗ ಅರ್ಧ ಜಾಗ ತುಂಬಿಕೊಂಡು ಎದ್ದು ಕೂತಿತು. ಮೌನ ಮಾತ್ರ ತೆಗೆದ ಭಾಷಣದಲ್ಲಿ ಮಾತುಗಾರ ಮೊದಲಿಗಿಂತ ಹೆಚ್ಚು ತಡವರಿಸಿದಂತೆ ಕೇಳುವುದು ಇದಕ್ಕೇ. ಆಮೇಲೆ ಆನ್‌ಲೈನ್ ತಂತ್ರಾಂಶ ‘ಆ…’ ಕಿತ್ತಾಗ ಉಳಿದದ್ದು ಎರಡು ಚೂರು ಮಳೆ, ಕಾಲು ಉಸಿರು, ತಟ್ಟನೆ ‘ಸುಣ್ಣ’.

ನಾನು ಮಾಡಿದ್ದು: ‘ಆ…’ ಮಾತ್ರ ಕಿತ್ತೆ. ಮೌನ 1.9 ಮತ್ತು 0.7 ಸೇರಿ 2.6 ಆಯಿತು. ಆಮೇಲೆ ಮೇಲಿನ ಲೆಕ್ಕ ಓಡಿಸಿದರೆ ಅದು 1.1 ಸೆಕೆಂಡಿನಷ್ಟಕ್ಕೆ ಇಳಿಯಿತು. ತೆಗೆದದ್ದೆಲ್ಲ ಮುಂಭಾಗದಿಂದ ಹೋದದ್ದರಿಂದ ‘ಸುಣ್ಣ’ದ ಹಿಂದಿನ ಉಸಿರು ಪೂರ್ತಿ ಉಳಿಯಿತು. 3.2 ಇದ್ದದ್ದು 1.1 ಆದರೂ ಕೇಳಿದರೆ ಅವರೇ ನಿಧಾನವಾಗಿ ಹೇಳಿದ ಹಾಗಿದೆ. ಅಳತೆ ಬರೆದುಕೊಳ್ಳುವವರಿಗೂ ಅಷ್ಟು ಬಿಡುವು ಬೇಕು.

‘ಆ…’ಗಳನ್ನು ಹುಡುಕಲು ಇಡೀ ರೆಕಾರ್ಡಿಂಗ್ ಒಮ್ಮೆ ಕೇಳಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಓಡುತ್ತಿರುವಾಗಲೇ Ctrl+M ಒತ್ತುತ್ತಾ ಹೋದರೆ ಅಲ್ಲಲ್ಲಿ ಗುರುತು ಬೀಳುತ್ತದೆ, ಎಂಟರ್ ಒತ್ತಿ ಮುಂದೆ ಹೋಗಿ. ಆಮೇಲೆ ಒಂದೊಂದೇ ಗುರುತಿಗೆ ಹೋಗಿ ಕತ್ತರಿಸಿ. ಚಿತ್ರದಲ್ಲೂ ಅವು ಬೇಗ ಕಣ್ಣಿಗೆ ಬೀಳುತ್ತವೆ: ಪದಗಳು ಏರಿಳಿಯುತ್ತವೆ, ‘ಆ…’ ಒಂದೇ ಎತ್ತರದ ದಿಂಡಾಗಿ ಒಂಟಿಯಾಗಿ ಬಿದ್ದಿರುತ್ತದೆ. ಆಯ್ಕೆ ಮಾಡಿದ ಮೇಲೆ Z ಒತ್ತಿ, ಆಮೇಲೆ ಅಳಿಸಿ. Z ಒತ್ತಿದರೆ ಆಯ್ಕೆಯ ಅಂಚುಗಳು ತರಂಗ ಸೊನ್ನೆ ದಾಟುವ ಬಿಂದುವಿಗೆ ಸರಿದು, ಕೂಡಿದ ಜಾಗದಲ್ಲಿ ಬರುವ ಟಕ್ ಸದ್ದು ತಪ್ಪುತ್ತದೆ. ಎಕ್ಸ್‌ಪೋರ್ಟ್ ಮಾಡುವ ಮುಂಚೆ ಈ ಗುರುತುಗಳ ಸಾಲನ್ನು ಮುಚ್ಚಿಬಿಡಿ, ಇಲ್ಲವಾದರೆ ಮುಂದಿನ ಹಂತದ ಗುರುತುಗಳೊಡನೆ ಗೊಂದಲವಾಗುತ್ತದೆ.

ಎಲ್ಲ ‘ಆ…’ಗಳನ್ನೂ ತೆಗೆಯಲು ಹೋಗಬೇಡಿ. ಎರಡೂ ಬದಿಗೆ ಮೌನ ಇರುವ ಒಂಟಿ ‘ಆ…’ ಮಾತ್ರ ಸಲೀಸಾಗಿ ಹೋಗುತ್ತದೆ. ನಮ್ಮಲ್ಲಿ ಅದಕ್ಕಿಂತ ಹೆಚ್ಚು ಇರುವುದು ಪದಕ್ಕೇ ಅಂಟಿಕೊಂಡ ಎಳೆತ: ‘ಅದನ್ನೂ…’, ‘ಔಷಧಿಯಾ…’. ಅಲ್ಲಿ ಪದ ಎಲ್ಲಿ ಮುಗಿಯಿತು, ಯೋಚನೆ ಎಲ್ಲಿ ಶುರುವಾಯಿತು ಎಂಬ ಗಡಿಯೇ ಇಲ್ಲ. ಎಳೆತದ ನಡುವಿನಿಂದ ಒಂದಿಷ್ಟು ತೆಗೆದು ಕೂಡಿಸಬಹುದು, ದನಿಯ ಸ್ಥಾಯಿ ಅಲ್ಲಾಡದೆ ಇದ್ದರೆ ಅದು ಒಮ್ಮೊಮ್ಮೆ ಕೂಡಿಕೊಳ್ಳುತ್ತದೆ. ಹತ್ತರಲ್ಲಿ ಎಂಟು ಸಲ ನಾನು ಅದನ್ನು ಬಿಟ್ಟೇಬಿಡುತ್ತೇನೆ. ‘ಆ…’ ತೆಗೆದ ಜಾಗದಲ್ಲಿ ಎರಡು ಪದಗಳನ್ನು ಅಂಟಿಸಿಬಿಡುವುದೂ ತಪ್ಪು. ತಡವರಿಸುವ ಮುಂಚೆ ದನಿ ತೂಗಾಡಿಕೊಂಡು ನಿಂತಿರುತ್ತದೆ, ಆಮೇಲೆ ಹೊಸ ಎತ್ತರದಲ್ಲಿ ಏಳುತ್ತದೆ. ನಡುವೆ ಮೂರ್ನಾಲ್ಕು ಹತ್ತಾಂಶ ಸೆಕೆಂಡು ಬಿಡುವು ಇದ್ದರೆ ಕಿವಿ ಆ ಜಿಗಿತವನ್ನು ಒಪ್ಪಿಕೊಳ್ಳುತ್ತದೆ, ಇಲ್ಲದಿದ್ದರೆ ಬೆಸುಗೆ ಕೇಳಿಸುತ್ತದೆ.

‘ಏನಂದ್ರೆ’, ‘ಮತ್ತೆ’ಗಳನ್ನು ಯಂತ್ರಕ್ಕೆ ಕೊಡಬೇಡಿ ಎಂದು ಮೊದಲೇ ಹೇಳಿದೆ. ಕಾರಣ ನಿಮ್ಮ ಫೈಲಿನಲ್ಲೇ ಇದೆ. ಮೂಲದಲ್ಲಿ ದೊಡ್ಡಪ್ಪನವರು ‘ನಲವತ್ತು, ನಲವತ್ತೈದು ದಿನ ಬಿಟ್ಟು ಮತ್ತೆ ಹೊಡೀಬೇಕು’ ಅಂದಿದ್ದಾರೆ. ನಿಮ್ಮ 36 ನಿಮಿಷದ ಪ್ರತಿಯಲ್ಲಿ ‘ಮತ್ತೆ’ ಮಾಯ: ‘ನಲವತ್ತು, ನಲವತ್ತೈದು ದಿನ ಬಿಟ್ಟು ಹೊಡೀಬೇಕು’. ಮುಂಗಾರಿಗೆ ಮುಂಚಿನ ಮೊದಲ ಸಿಂಪರಣೆ ಬೇಡ, ಮಳೆ ಹಿಡಿದ ಮೇಲೆ ಒಂದೇ ಸಲ ಸಾಕು ಎಂದು ಯಾರಾದರೂ ತಿಳಿದುಕೊಂಡರೆ ಅವರದು ತಪ್ಪಲ್ಲ. ಕೊನೆಗೌಡನನ್ನು ಕರೆಸುವ ದಿನವನ್ನು ಇದನ್ನು ಕೇಳಿಯೇ ನಿಶ್ಚಯಿಸುವವರು ನಿಮ್ಮ ಗುಂಪಿನಲ್ಲಿ ಇರುತ್ತಾರೆ. ಇನ್ನೊಂದು ಕಡೆ ಅವರು ‘ನೂರೈವತ್ತು… ಅಲ್ಲ, ನೂರು ಲೀಟರ್ ನೀರಿಗೆ’ ಎಂದು ತಮ್ಮ ಮಾತು ತಾವೇ ತಿದ್ದಿಕೊಂಡಿದ್ದಾರೆ. ಅಲ್ಲಿನ ‘ಅಲ್ಲ’ ಹೋಗಿ ‘ನೂರೈವತ್ತು ನೂರು ಲೀಟರ್’ ಆಗಿದೆ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ನೂರೈವತ್ತು ಅಂದರೆ ತೆಳ್ಳಗಾಗಿ ಹೋಗುತ್ತದೆ. ಇಂಥ ಕಡೆ ಕತ್ತರಿಸುವುದಾದರೆ ತಪ್ಪಿದ ‘ನೂರೈವತ್ತು’ ಮತ್ತು ‘ಅಲ್ಲ’ ಎರಡನ್ನೂ ಸೇರಿಸಿ ಕತ್ತರಿಸಬೇಕು, ಇಲ್ಲವೇ ಎರಡನ್ನೂ ಬಿಡಬೇಕು.

ತಂತ್ರಾಂಶ ಇದನ್ನು ಬೇಕೆಂದು ಮಾಡಿದ್ದಲ್ಲ. ಅದು ಮೊದಲು ಮಾತನ್ನು ಬರಹಕ್ಕಿಳಿಸುತ್ತದೆ, ಪಟ್ಟಿಯಲ್ಲಿರುವ ಪದ ಕಂಡಲ್ಲಿ ಅದಕ್ಕೆ ಸರಿಹೊಂದುವ ಸಮಯವನ್ನು ಕತ್ತರಿಸುತ್ತದೆ. ‘ಬೋರ್ಡೋ ಅಂದ್ರೆ ಸುಣ್ಣ, ಮೈಲುತುತ್ತದ ದ್ರಾವಣ’ ಎನ್ನುವಾಗಿನ ‘ಅಂದ್ರೆ’ ಬೇಕಾದದ್ದು, ‘ಅದು ಅಂದ್ರೆ… ಅಂದ್ರೆ…’ ಎನ್ನುವಾಗಿನದು ಬೇಡದ್ದು ಎಂಬ ಭೇದ ಪಟ್ಟಿಗೆ ಗೊತ್ತಿಲ್ಲ. ಇನ್ನೂ ಒಂದು: ಆಡುಮಾತಿನಲ್ಲಿ ಇವು ಬಿಡಿಯಾಗಿ ನಿಲ್ಲುವುದೇ ಕಡಿಮೆ. ‘ಮಾಡ್ಬೇಕಂದ್ರೆ’ ಎಂಬಲ್ಲಿ ‘ಅಂದ್ರೆ’ ಕಿತ್ತರೆ ಹಿಂದಿನ ಪದದ ಸ್ವರವೂ ಅದರ ಜೊತೆಗೇ ಹೋಗುತ್ತದೆ. ಬರಹಕ್ಕಿಳಿಸುವ ತಂತ್ರಾಂಶಗಳು ಓದಲು ಚೊಕ್ಕವಾಗಿರಲಿ ಎಂದು ‘ಆ…’ಗಳನ್ನು ಬರೆಯದೇ ಬಿಡುವುದೂ ಉಂಟು. ಬರೆಯದೇ ಬಿಟ್ಟದ್ದನ್ನು ಹುಡುಕಿ ಕತ್ತರಿಸುವುದು ಹೇಗೆ? ಹಾಗಾಗಿ ಬೇಕಾದದ್ದು ಹೋಗಿ ಬೇಡದ್ದು ಉಳಿಯಿತು. ಆ ತಂತ್ರಾಂಶವನ್ನು ಬಳಸಲೇಬೇಕಿದ್ದರೆ ಕತ್ತರಿಸಲು ಬಿಡದೆ ಗುರುತು ಹಾಕಿಸಿಕೊಳ್ಳಲು ಮಾತ್ರ ಬಳಸಿ, ಪ್ರತಿಯೊಂದನ್ನೂ ಕೇಳಿ ನೀವೇ ತೀರ್ಮಾನಿಸಿ.

ಕೆಲಸ ಸರಿಯಾಯಿತೇ ಎಂದು ನೋಡಲು ತರಂಗದ ಚಿತ್ರ ನೋಡಬೇಡಿ, ಚಿತ್ರ ನೋಡಿದರೆ ಕತ್ತರಿಸಿದ ಜಾಗ ಮೊದಲೇ ಗೊತ್ತಾಗಿ ಕಿವಿ ಪಕ್ಷಪಾತ ಮಾಡುತ್ತದೆ. ಪರದೆ ಮುಚ್ಚಿ ಐದು ನಿಮಿಷ ಕೇಳಿ, ಎಡವಿದಂತೆ ಅನ್ನಿಸಿದ ಕಡೆ ನಿಲ್ಲಿಸಿ. ಒಮ್ಮೆ ಇಯರ್‌ಫೋನಿನಲ್ಲಿ, ಒಮ್ಮೆ ಮೊಬೈಲಿನ ಸ್ಪೀಕರಿನಲ್ಲಿ. ಮಳೆಯ ಹೆಜ್ಜೆ ಇಯರ್‌ಫೋನಿನಲ್ಲಿ ಮಾತ್ರ ಕೇಳಿಸುತ್ತದೆ. ನುಂಗಿದ ಪದ ಸ್ಪೀಕರಿನಲ್ಲಿ ಹೆಚ್ಚು ಎದ್ದು ಕಾಣುತ್ತದೆ. ತೋಟದಲ್ಲಿ ಮೊಬೈಲು ಜೇಬಿನಲ್ಲಿಟ್ಟು ಕೇಳುವವರೇ ಜಾಸ್ತಿ ಎಂದಾದರೆ ಎರಡನೆಯದಕ್ಕೆ ಹೆಚ್ಚು ಬೆಲೆ ಕೊಡಿ. ಮುಖ ಕಾಣುವ ವಿಡಿಯೋ ಆಗಿದ್ದರೆ ಬೇರೆ ಕಥೆ, ಅಲ್ಲಿ ಪ್ರತಿ ಕತ್ತರಿಯೂ ತಲೆ ಜಿಗಿದಂತೆ ಕಾಣುತ್ತದೆ, ಅದನ್ನು ಮುಚ್ಚಲು ನಡುವೆ ಚಿತ್ರ ಹಾಕಬೇಕಾಗುತ್ತದೆ.

ನಿಮ್ಮ ನಾಲ್ಕು ನಿಮಿಷದ ತುಣುಕು ಈ ರೀತಿಯಲ್ಲಿ 3 ನಿಮಿಷ 25 ಸೆಕೆಂಡಿಗೆ ಬಂದಿದೆ. ಅದರಲ್ಲಿದ್ದ ಹತ್ತೊಂಬತ್ತು ‘ಆ…’ಗಳಲ್ಲಿ ಒಂಬತ್ತನ್ನು ತೆಗೆದೆ, ಉಳಿದವು ಇವೆ ಎಂದು ಕೇಳುವಾಗ ನೆನಪೇ ಆಗುವುದಿಲ್ಲ. ಇದೇ ಲೆಕ್ಕದಲ್ಲಿ ಇಡೀ ಭಾಷಣ 45 ನಿಮಿಷದ ಹತ್ತಿರ ನಿಲ್ಲುತ್ತದೆ. 36 ಬರುವುದಿಲ್ಲ, ಅದನ್ನು ಮೌನದಿಂದ ತರಲು ಸಾಧ್ಯವಿಲ್ಲ. ಇನ್ನೂ ಚಿಕ್ಕದು ಬೇಕಿದ್ದರೆ ಮೈಕ್ ಸರಿಮಾಡಿದ್ದು, ಸ್ವಾಗತ, ಎರಡೆರಡು ಸಲ ಹೇಳಿದ ಉದಾಹರಣೆ ಇಂಥವನ್ನು ಇಡಿಯಾಗಿ ತೆಗೆಯಿರಿ. ಒಂದೇ ಕತ್ತರಿಗೆ ಎರಡು ನಿಮಿಷ ಸಿಗುತ್ತದೆ, ಕೂಡಿಸಬೇಕಾದ ಜಾಗವೂ ಒಂದೇ.

ಒಂದು ಕೋರಿಕೆ: 36 ನಿಮಿಷದ ಪ್ರತಿ ಈಗಾಗಲೇ ಗುಂಪಿಗೆ ಹೋಗಿದ್ದರೆ ಹೊಸದನ್ನು ಹಾಕುವಾಗ ಹಳೆಯದನ್ನು ಅಳಿಸಿ, ಅಳತೆ ಮತ್ತು ಸಿಂಪರಣೆಯ ದಿನಗಳನ್ನು ದೊಡ್ಡಪ್ಪನವರಿಗೇ ಒಮ್ಮೆ ತೋರಿಸಿ, ಎರಡು ಸಾಲಿನಲ್ಲಿ ಬರೆದು ಜೊತೆಗೆ ಹಾಕಿ. ಮೂಲ ಫೈಲನ್ನು ಬೇರೆ ಕಡೆ ಜೋಪಾನ ಮಾಡಿ. ಮಳೆ ಜೋರಾದ ಭಾಗದಲ್ಲಿ ಏನೂ ಮಾಡಲಾಗದೆ ಉಳಿದರೆ ಆ ಎರಡು ನಿಮಿಷ ನನಗೆ ಕಳಿಸಿ, ನೋಡುತ್ತೇನೆ.